ನಿಮ್ಮದೇ ಅನುಭವದ ಪ್ರಬಂಧಕ್ಕೆ ‘ಎಐ ಬರೆದಿದ್ದು’ ಅಂತ ಬಂದ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನೇ ಅನುಭವಿಸಿದ್ದು, ನಾನೇ ಕೂತು ಬರ್ದಿದ್ದು. ಆದ್ರೂ ಸಾಫ್ಟ್‌ವೇರ್ ಎಐ ಅಂತ ಯಾಕೆ ಹೇಳ್ತು?

ಯಾಕಂದ್ರೆ ಅದಕ್ಕೆ ನಿಮ್ಮ ಅನುಭವ ಕಾಣ್ಸೋದೇ ಇಲ್ಲ, ಕಾಣ್ಸೋದು ವಾಕ್ಯಗಳು ಮಾತ್ರ. ಒಂದು ಪದ ಆದ್ಮೇಲೆ ಮುಂದಿನ ಪದ ಯಾವ್ದು ಬರ್ಬಹುದು ಅಂತ ಊಹಿಸೋದು ಎಷ್ಟು ಸುಲಭ, ವಾಕ್ಯಗಳೆಲ್ಲ ಒಂದೇ ಅಳತೆಗಿದ್ಯಾ, ಒಂದೇ ಲಯದಲ್ಲಿ ಹೋಗ್ತಿದ್ಯಾ ಅನ್ನೋ ಥರದ ಲಕ್ಷಣಗಳನ್ನ ನೋಡಿ ಅಂದಾಜು ಮಾಡುತ್ತೆ ಅಷ್ಟೇ.

ಈಗ ಆತ್ಮಾವಲೋಕನದ ಪ್ರಬಂಧ ಹೇಗೆ ಬರೀಬೇಕು ಅಂತ ಕಾಲೇಜಲ್ಲಿ ಹೇಳ್ಕೊಡ್ತಾರೆ ಅಂತ ಯೋಚ್ನೆ ಮಾಡಿ. ನರ್ಸಿಂಗ್, ಸೋಶಿಯಲ್ ವರ್ಕ್, ಶಿಕ್ಷಕರ ತರಬೇತಿ ಇಲ್ಲೆಲ್ಲ ಗಿಬ್ಸ್ ಸೈಕಲ್ ಅಂತ ಒಂದು ಚೌಕಟ್ಟು ಕೊಡ್ತಾರೆ, ಗ್ರಹಾಂ ಗಿಬ್ಸ್ 1988ರಲ್ಲಿ ಮುಂದಿಟ್ಟಿದ್ದು. ಏನಾಯ್ತು, ಏನನ್ನಿಸ್ತು, ಯಾವ್ದು ಚೆನ್ನಾಗಿತ್ತು ಯಾವ್ದು ಇರ್ಲಿಲ್ಲ, ಯಾಕೆ ಹಾಗಾಯ್ತು, ಏನು ಕಲಿತೆ, ಮುಂದೆ ಏನ್ ಮಾಡ್ತೀನಿ, ಹೀಗೆ ಆರು ಹಂತ. ಮೊದಲ್ನೇದು ಎರಡ್ನೇದರಲ್ಲಿ ನಿಮ್ಮ ಕಥೆ ಇರುತ್ತೆ. ಆಮೇಲಿನ ಹಂತಗಳಿಗೆ ಬಂದಾಗ ಎಲ್ರೂ ಹೆಚ್ಚು ಕಮ್ಮಿ ಒಂದೇ ಮಾತಲ್ಲಿ ಬರೀತಾರೆ, ‘ಈ ಅನುಭವವು ನನಗೆ ಸಂವಹನದ ಮಹತ್ವವನ್ನು ಮನವರಿಕೆ ಮಾಡಿಕೊಟ್ಟಿತು’ ಅನ್ನೋ ಥರ. ಮಾರ್ಕ್ಸ್ ಕೊಡೋದೂ ಅದಕ್ಕೇ. ಆ ವಾಕ್ಯನ ಸಾವಿರ ವಿದ್ಯಾರ್ಥಿಗಳು ಬರ್ದಿದ್ದಾರೆ, ಮಷಿನ್ನೂ ಅಂಥಾ ಬರಹಗಳಿಂದಾನೇ ಕಲ್ತಿದೆ, ಹಾಗಾಗಿ ನೀವು ಬರೆದ್ರೂ ಅದು ಬರೆದ್ರೂ ಆ ಜಾಗದಲ್ಲಿ ಒಂದೇ ಥರ ಕಾಣುತ್ತೆ.

ಎರಡನೇ ಭಾಷೆಯಲ್ಲಿ ಬರೆಯೋರಿಗೆ ಇನ್ನೂ ಕಷ್ಟ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಎಐ ಬರಹ ಪತ್ತೆ ಹಚ್ಚೋ ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನ ಕೊಟ್ಟು ನೋಡಿದ್ರು, ಎಲ್ಲವೂ ಇಂಗ್ಲಿಷ್ ಮಾತೃಭಾಷೆ ಅಲ್ಲದ ಮನುಷ್ಯರು ಬರೆದಿದ್ದು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನ ಅವು ಎಐ ಅಂದ್ವು. ಕಾರಣ ಸರಳ: ಗೊತ್ತಿರೋ ಪದಗಳು ಕಮ್ಮಿ ಇದ್ದಾಗ ನಾವು ಕಲಿತಿರೋ ಸೇಫ್ ಆದ ಪದಗಳನ್ನೇ ಮತ್ತೆ ಮತ್ತೆ ಬಳಸ್ತೀವಿ, ಆ ಸರಳತೆಯನ್ನೇ ಸಾಫ್ಟ್‌ವೇರ್ ಮಷಿನ್ ಗುರುತು ಅಂತ ಓದುತ್ತೆ. ಡಿಟೆಕ್ಟರ್‌ಗಳು ಆಮೇಲೆ ಬದಲಾಗಿವೆ, ಆದ್ರೆ ಪಠ್ಯ ನೋಡಿ ಊಹೆ ಮಾಡೋ ಮೂಲ ಕೆಲ್ಸ ಬದಲಾಗಿಲ್ಲ.

ರಿಪೋರ್ಟಲ್ಲಿ 58% ಅಂತ ಇದೆ. ಅಂದ್ರೆ ನಾನು ಎಐ ಬಳಸಿರೋ ಸಾಧ್ಯತೆ 58% ಅಂತಾನಾ?

ಅಲ್ಲ, ಇದನ್ನ ಮೇಷ್ಟ್ರುಗಳೂ ಎಷ್ಟೋ ಸಲ ತಪ್ಪಾಗಿ ಓದ್ತಾರೆ. ಕಾಲೇಜುಗಳು ಪ್ರಬಂಧ ಪರೀಕ್ಷಿಸೋಕೆ ಬಳಸೋ ಟರ್ನಿಟಿನ್ ಸಾಫ್ಟ್‌ವೇರಿನ ರಿಪೋರ್ಟಲ್ಲಿ ಆ ಸಂಖ್ಯೆ ಹೇಳೋದು ಪ್ರಬಂಧದ ಎಷ್ಟು ಭಾಗವನ್ನ ಅದು ಎಐ ಬರೆದಿದ್ದು ಅಂತ ಅಂದ್ಕೊಂಡಿದೆ ಅನ್ನೋದನ್ನ. ನೀವು ತಪ್ಪು ಮಾಡಿರೋ ಸಾಧ್ಯತೆ ಅದಲ್ಲ.

1ರಿಂದ 19% ಒಳಗಿನ ಫಲಿತಾಂಶವನ್ನ ಅದು ಸಂಖ್ಯೆಯಾಗಿ ತೋರ್ಸಲ್ಲ, ಬರೀ ನಕ್ಷತ್ರ ಚಿಹ್ನೆ ಹಾಕುತ್ತೆ, ಯಾಕಂದ್ರೆ ಅಷ್ಟು ಕಮ್ಮಿ ಇದ್ದಾಗ ತಪ್ಪಾಗೋದು ಜಾಸ್ತಿ ಅಂತ ಆ ಕಂಪನಿಯೇ ಒಪ್ಕೊಂಡಿದೆ. 20% ದಾಟಿದ ಬರಹಗಳಲ್ಲಿ ಮನುಷ್ಯರದ್ದನ್ನ ಎಐ ಅಂತ ಹೇಳೋ ತಪ್ಪು 1%ಗಿಂತ ಕಮ್ಮಿ ಅಂತ ಅವರ ಮಾತು. ಕೇಳೋಕೆ ಸಣ್ಣದು. ಆದ್ರೆ 2023ರ ಆಗಸ್ಟಲ್ಲಿ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ಈ ಡಿಟೆಕ್ಟರನ್ನ ಆಫ್ ಮಾಡಿದಾಗ ಒಂದು ಲೆಕ್ಕ ಕೊಟ್ಟಿತ್ತು: 2022ರಲ್ಲಿ ಅವರು ಟರ್ನಿಟಿನ್‌ಗೆ ಹಾಕಿದ ಪೇಪರ್‌ಗಳು 75,000, ಅದರಲ್ಲಿ 1% ಅಂದ್ರೆ ಸುಮಾರು 750. ಆ 750ರಲ್ಲಿ ಒಬ್ರಾಗಿ ಕೂತಿರೋರಿಗೆ 1% ಸಣ್ಣದಲ್ಲ.

ಇನ್ನೊಂದು, ಆತ್ಮಾವಲೋಕನ ಬರೆಯೋರು ಗಮನಿಸ್ಬೇಕಾದ್ದು. ಈ ಸೌಲಭ್ಯ ಶುರುವಾದ ಮೊದಲ ತಿಂಗಳುಗಳಲ್ಲೇ, ಪ್ರಬಂಧದ ಮೊದಲ ಕೆಲವು ಮತ್ತು ಕೊನೆಯ ಕೆಲವು ವಾಕ್ಯಗಳಲ್ಲಿ ತಪ್ಪು ಗುರುತು ಹೆಚ್ಚು ಅಂತ ಟರ್ನಿಟಿನ್ನೇ ಹೇಳಿ ಲೆಕ್ಕ ಹಾಕೋ ರೀತಿ ಬದಲಾಯಿಸ್ತು. ಪೀಠಿಕೆ, ಉಪಸಂಹಾರ ಎಲ್ರೂ ಒಂದೇ ಥರ ಬರಿಯೋ ಜಾಗ ತಾನೇ. ಹಾಗಾಗಿ ಸಂಖ್ಯೆ ನೋಡಿ ಗಾಬರಿ ಆಗೋ ಬದ್ಲು ರಿಪೋರ್ಟಲ್ಲಿ ಎಐ ಬರೆದಿದ್ದು ಅಂತ ಯಾವ ವಾಕ್ಯಗಳಿಗೆ ಬಣ್ಣ ಬಿದ್ದಿದೆ ಅನ್ನೋದನ್ನ ಮೊದಲು ನೋಡಿ.

ನಡೆದ ಘಟನೆ ನಿಜ ಅಂತ ತೋರಿಸ್ಬಿಟ್ರೆ ಸಾಕಲ್ವಾ?

ಸಾಕಾಗಲ್ಲ, ಹೆಚ್ಚಿನವ್ರು ಎಡವೋದು ಇಲ್ಲೇ. ನಿಮ್ಮ ಮೇಲಿರೋ ಅನುಮಾನದಲ್ಲಿ ಎರಡು ಪ್ರಶ್ನೆ ಸೇರ್ಕೊಂಡಿವೆ. ಒಂದು, ಇದು ನಿಜವಾಗ್ಲೂ ನಡೀತಾ. ಎರಡು, ಈ ಪದಗಳನ್ನ ಬರ್ದಿದ್ದು ಯಾರು. ಆಸ್ಪತ್ರೆಯಲ್ಲೋ ಶಾಲೆಯಲ್ಲೋ ತರಬೇತಿಗೆ ಅಂತ ಹೋಗೋ ಪ್ಲೇಸ್‌ಮೆಂಟಲ್ಲಿ ನೀವಿದ್ರಿ ಅನ್ನೋ ಡ್ಯೂಟಿ ಪಟ್ಟಿ ಮೊದಲ್ನೇದಕ್ಕೆ ಉತ್ತರ, ಎರಡ್ನೇದಕ್ಕೆ ಏನೂ ಅಲ್ಲ, ಯಾಕಂದ್ರೆ ನಿಜವಾಗಿ ನಡೆದ ಘಟನೆಯನ್ನೂ ಮಷಿನ್‌ಗೆ ಹೇಳಿ ಬರೆಸ್ಬಹುದು. ತಿರುಗಿಸಿ ನೋಡಿದ್ರೆ, ಫೈಲ್ ಯಾವಾಗ ಹೇಗೆ ಬದಲಾಯ್ತು ಅನ್ನೋ ದಾಖಲೆ, ಅಂದ್ರೆ ವರ್ಶನ್ ಹಿಸ್ಟರಿ, ನೀವು ಟೈಪ್ ಮಾಡಿದ್ರಿ ಅಂತ ತೋರ್ಸುತ್ತೆ, ಘಟನೆ ನಡೀತು ಅಂತಲ್ಲ.

ಹಾಗಾಗಿ ನಿಮಗೆ ಬೇಕಿರೋದು ಇವೆರಡನ್ನೂ ಜೋಡಿಸೋ ಕೊಂಡಿ. ಘಟನೆ ಆದ ಹೊತ್ತಿನಲ್ಲೇ ಬರೆದ ಒಂದು ಚೂರು ಟಿಪ್ಪಣಿ ಅಥವಾ ಯಾರಿಗೋ ಕಳ್ಸಿದ ಮೆಸೇಜ್, ಅದರಲ್ಲಿರೋ ಒಂದು ವಿವರ ಮೊದಲ ಕರಡಲ್ಲಿ ಬೆಳೆದು, ಕೊನೆಯ ಪ್ರತಿಯಲ್ಲಿ ಬೇರೆ ರೂಪದಲ್ಲಿ ನಿಂತಿರೋದು. ಒಂದು ವಿವರ ಹೀಗೆ ಮೂರು ಕಡೆ ಬದಲಾಗ್ತಾ ಬಂದಿರೋದನ್ನ ತೋರ್ಸಿದ್ರೆ ಒಂದೇ ಏಟಿಗೆ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತೆ. ನನ್ನ ಅಭಿಪ್ರಾಯದಲ್ಲಿ ಇಪ್ಪತ್ತು ಫೋಟೋಗಿಂತ ಇಂಥದ್ದೊಂದು ಸಾಲು ಹೆಚ್ಚು ತೂಕದ್ದು.

ನೋಟಿಸ್ ಬಂದ ದಿನ ಮೊದಲು ಏನ್ ಮಾಡ್ಬೇಕು?

ಫೈಲ್ ಮುಟ್ಟಬೇಡಿ. ತಪ್ಪು ಸರಿ ಮಾಡೋಕೂ ಬೇಡ, ಅಂದ ಮಾಡೋಕೂ ಬೇಡ. ಗೂಗಲ್ ಡಾಕ್ಸಲ್ಲಿದ್ರೆ ‘ಮೇಕ್ ಎ ಕಾಪಿ’ ಒತ್ತಿ ಆ ಕಾಪಿನ ಕಳಿಸ್ಬೇಡಿ, ಕಾಪಿಗೆ ಹಳೇ ಹಿಸ್ಟರಿ ಬರಲ್ಲ, ವರ್ಡ್ ಫೈಲಾಗಿ ಡೌನ್‌ಲೋಡ್ ಮಾಡಿದ್ರೂ ಬರಲ್ಲ. ಮೂಲ ಫೈಲ್ ಹಾಗೇ ಇರ್ಲಿ. ತೆರೆದು ನೋಡೋದು ಹೀಗೆ:

```
File > Version history > See version history
```

ಇನ್ನೊಂದು ತೊಂದ್ರೆ ಎಲ್ರಿಗೂ ಗೊತ್ತಿರಲ್ಲ: ಮೇಡಂಗೆ ಬರೀ ನೋಡೋ ಅನುಮತಿ ಕೊಟ್ಟು ಲಿಂಕ್ ಕಳ್ಸಿದ್ರೆ ಅವರಿಗೆ ಹಿಸ್ಟರಿ ಕಾಣಲ್ಲ, ಎಡಿಟ್ ಅನುಮತಿ ಇರ್ಬೇಕು. ಲಿಂಕ್ ಕಳಿಸಿ ಅಲ್ಲೇ ಬಿಡೋದಕ್ಕಿಂತ, ಎದುರಿಗೇ ಕೂತು ನಿಮ್ಮ ಲ್ಯಾಪ್‌ಟಾಪಲ್ಲಿ ತೆರೆದು ತೋರ್ಸ್ತೀನಿ ಅಂತ ಕೇಳ್ಕೊಳ್ಳಿ. ಗೂಗಲ್ ಕೆಲವೊಮ್ಮೆ ಹಳೇ ವರ್ಶನ್‌ಗಳನ್ನ ಒಟ್ಟಿಗೆ ಸೇರಿಸ್ಬಿಡುತ್ತೆ, ಅದಕ್ಕೇ ಮುಖ್ಯ ವರ್ಶನ್‌ಗಳ ಸ್ಕ್ರೀನ್‌ಶಾಟ್ ದಿನಾಂಕ ಕಾಣೋ ಹಾಗೆ ಅವತ್ತೇ ತೆಗೆದಿಡಿ.

ವರ್ಡಲ್ಲಿ ಬರೆದಿದ್ರೆ ಫೈಲು ಒನ್‌ಡ್ರೈವಲ್ಲಿದ್ದು ಆಟೋಸೇವ್ ಆನ್ ಇದ್ರೆ ಮಾತ್ರ ಇಂಥಾ ಇತಿಹಾಸ ಸಿಗುತ್ತೆ, File > Info > Version History ಅಲ್ಲಿ ನೋಡಿ. ಬರೀ ಕಂಪ್ಯೂಟರಲ್ಲಿ ಸೇವ್ ಮಾಡಿದ್ರೆ ಫೈಲ್ ಪ್ರಾಪರ್ಟೀಸಲ್ಲಿ ಎಷ್ಟು ನಿಮಿಷ ಎಡಿಟ್ ಆಗಿದೆ ಅಂತ ಒಂದು ಸಂಖ್ಯೆ ಇರುತ್ತೆ, ಆದ್ರೆ ಅದೊಂದನ್ನೇ ನೆಚ್ಕೋಬೇಡಿ, ಫೈಲ್ ತೆರೆದಿಟ್ಟು ಊಟಕ್ಕೆ ಹೋದ್ರೂ ಆ ಸಂಖ್ಯೆ ಏರ್ಬಹುದು ಅಂತ ಎದುರಿಗೆ ಕೂತವ್ರು ಹೇಳ್ಬಹುದು.

ಆಮೇಲೆ ಒಂದು ಚಿಕ್ಕ ಮೇಲ್. ಬಣ್ಣ ಹಚ್ಚಿರೋ ಪೂರ್ತಿ ರಿಪೋರ್ಟ್ ಕೊಡಿ, ಯಾವ ನಿಯಮದ ಅಡಿ ವಿಚಾರಣೆ ಅಂತ ತಿಳ್ಸಿ, ಉತ್ತರ ಕೊಡೋಕೆ ಕೊನೇ ದಿನ ಯಾವ್ದು ಅಂತ ಹೇಳಿ. ಇಷ್ಟೇ. ಅವತ್ತು ರಾತ್ರಿ ಕೋಪದಲ್ಲಿ ನಾಲ್ಕು ಪುಟ ಬರೆದು ಕಳಿಸ್ಬೇಡಿ.

ಒಂದು ಉದಾಹರಣೆ ಪೂರ್ತಿ ಹೇಳ್ತೀರಾ? ಹೇಗೆ ಜೋಡಿಸ್ಬೇಕು ಅಂತ ಗೊತ್ತಾಗ್ತಿಲ್ಲ.

ಕಲ್ಪನೆಯ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ತಗೊಳೋಣ. ವಾರ್ಡಲ್ಲಿ ಪ್ಲೇಸ್‌ಮೆಂಟ್ ಮುಗಿಸಿ ಗಿಬ್ಸ್ ಸೈಕಲ್ ಪ್ರಕಾರ 1,200 ಪದದ ಪ್ರಬಂಧ ಕೊಟ್ಟಿದ್ದಾಳೆ, 58% ಅಂತ ಬಂದಿದೆ.

ಘಟನೆ ಇಷ್ಟು. ವಯಸ್ಸಾದ ರೋಗಿಯೊಬ್ರು ಏನು ಕೇಳಿದ್ರೂ ಉತ್ತರ ಕೊಡ್ತಿರ್ಲಿಲ್ಲ, ಕಿವಿ ಕೇಳಲ್ಲ ಅಂದ್ಕೊಂಡು ಇವಳು ಗಟ್ಟಿಯಾಗಿ ‘ಅಜ್ಜಾ, ಮೋಷನ್ ಆಯ್ತಾ’ ಅಂತ ಕೂಗಿ ಕೇಳ್ತಾಳೆ, ಅವ್ರು ಮುಖ ಗೋಡೆ ಕಡೆ ತಿರುಗಿಸಿಬಿಡ್ತಾರೆ. ಆಮೇಲೆ ಸ್ಟಾಫ್ ನರ್ಸ್ ಲಾಕರ್ ತೆಗೆದು ನೋಡಿದ್ರೆ ಹಿಯರಿಂಗ್ ಏಡ್ ಇದೆ, ಸೆಲ್ ಸತ್ತಿದೆ. ಹೊಸ ಸೆಲ್ ಹಾಕಿದ್ಮೇಲೆ ಅಜ್ಜ ಮೊದಲು ಹೇಳಿದ್ದು, ‘ಅಷ್ಟು ಜೋರಾಗಿ ಕೇಳ್ಬೇಡಮ್ಮ, ಪಕ್ಕದ ಬೆಡ್ಡಿನೋರಿಗೆಲ್ಲ ಗೊತ್ತಾಗುತ್ತೆ.’ ಅಂದ್ರೆ ಅಷ್ಟು ಕೂಗಿದ್ದು ಅವರಿಗೆ ಕೇಳ್ಸಿತ್ತು, ನಾಚ್ಕೆ ಆಗಿತ್ತು.

ರಿಪೋರ್ಟಲ್ಲಿ ಈ ದೃಶ್ಯ ಬರೆದಿರೋ ಪ್ಯಾರಾಗಳಿಗೆ ಹೆಚ್ಚು ಬಣ್ಣ ಬಿದ್ದಿಲ್ಲ. ಬಿದ್ದಿರೋದು ವಿಶ್ಲೇಷಣೆ, ಕಲಿಕೆ, ಮುಂದಿನ ಯೋಜನೆ ಅನ್ನೋ ಭಾಗಗಳಿಗೆ. ಅದರಲ್ಲಿ ಒಂದು ವಾಕ್ಯ ಹೀಗಿದೆ: ‘ರೋಗಿಯ ಘನತೆ ಹಾಗೂ ಗೌಪ್ಯತೆಯನ್ನು ಕಾಪಾಡುವುದು ಪರಿಣಾಮಕಾರಿ ಸಂವಹನದ ಅವಿಭಾಜ್ಯ ಅಂಗ ಎಂಬುದನ್ನು ಈ ಅನುಭವ ನನಗೆ ಕಲಿಸಿತು.’

ಇದನ್ನ ಓದಿದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ಈಗ ಅವಳು ಹಿಂದಕ್ಕೆ ಹೋಗ್ತಾಳೆ. ಫೋನಿನ ನೋಟ್ಸಲ್ಲಿ ಶಿಫ್ಟ್ ಮುಗಿದ ಸಂಜೆ ಬರ್ದಿದ್ದು ಸಿಗುತ್ತೆ: ‘ಕಿಟಕಿ ಪಕ್ಕದ ಅಜ್ಜ. ಮೋಷನ್ ಅಂತ ಕಿರುಚಿದೆ. ಮುಖ ತಿರುಗ್ಸಿದ್ರು. ಛೆ.’ ಮಾರನೇ ದಿನದ್ದು: ‘ಮಷಿನ್ ಲಾಕರಲ್ಲೇ ಇತ್ತು. ಪಕ್ಕದ ಬೆಡ್ಡಿಗೆ ಕೇಳ್ಸುತ್ತೆ ಅಂದ್ರು.’ ಆಮೇಲೆ ಡಾಕ್ಸಲ್ಲಿ ಮೊದಲ ಕರಡು: ‘ನಾನು ಕಿವಿ ಕೇಳಲ್ಲ ಅಂತ ಕೂಗಿದ್ದರಿಂದ ಅವರ ಖಾಸಗಿ ವಿಷಯ ಇಡೀ ವಾರ್ಡಿಗೆ ಗೊತ್ತಾಯ್ತು, ಕೇಳಿಸೋ ಹಾಗೆ ಮಾತಾಡೋದು ಬೇರೆ ಎಲ್ಲರಿಗೂ ಕೇಳಿಸೋ ಹಾಗೆ ಮಾತಾಡೋದು ಬೇರೆ.’ ಈ ವಾಕ್ಯದ ಪಕ್ಕ ಮಾರ್ಗದರ್ಶಕರ ಕಾಮೆಂಟ್ ಇದೆ, ‘ಭಾಷೆ ಅಕಾಡೆಮಿಕ್ ಆಗಿರಲಿ, ಕಲಿಕೆಯನ್ನು ಸ್ಪಷ್ಟವಾಗಿ ಹೇಳಿ’ ಅಂತ. ಎರಡು ದಿನ ಬಿಟ್ಟು ಆ ವಾಕ್ಯ ಹೋಗಿ ‘ಘನತೆ ಹಾಗೂ ಗೌಪ್ಯತೆ’ ಬಂದಿದೆ.

ಒಂದು ಪುಟದ ಮೇಲೆ ಈ ಮೂರನ್ನೂ ದಿನಾಂಕ ಹಾಕಿ ಪಕ್ಕ ಪಕ್ಕ ಇಡೋದು, ಅದೇ ಅವಳ ಮುಖ್ಯ ಸಾಕ್ಷಿ. ಚೆನ್ನಾಗಿದ್ದ ಮಾತು ಸಪ್ಪೆ ಆಗಿರೋದು ಯಾಕೆ, ಯಾರ ಮಾತಿಗೆ ಅನ್ನೋದೆಲ್ಲ ಅಲ್ಲೇ ಕಾಣುತ್ತೆ. ಹೀಗೆ ಬಣ್ಣ ಬಿದ್ದಿರೋ ಮೂರೋ ನಾಲ್ಕೋ ವಾಕ್ಯಗಳಿಗೆ ಮಾಡಿದ್ರೆ ಸಾಕು, ಎಲ್ಲದಕ್ಕೂ ಬೇಡ. ಘಟನೆಗೆ ಡ್ಯೂಟಿ ಪಟ್ಟಿ, ಮೇಲ್ವಿಚಾರಕರ ಸಹಿ ಇರೋ ಲಾಗ್‌ಬುಕ್ ಪುಟ ಜೊತೆಗಿಟ್ರೆ ಆಯ್ತು.

ಈಗ ಇದರಲ್ಲಿರೋ ಎರಡು ತೊಡಕು. ಒಂದು, ಪ್ರಬಂಧದಲ್ಲಿ ಎಲ್ಲ ಒಂದೇ ಸಂಜೆ ನಡೀತು ಅಂತ ಬರ್ದಿದ್ದಾಳೆ, ಟಿಪ್ಪಣಿ ನೋಡಿದ್ರೆ ಎರಡು ದಿನ. ಇದನ್ನ ಮುಚ್ಚಿಡಬಾರದು. ‘ಪದಮಿತಿ ಇತ್ತು, ಎರಡು ದಿನದ್ದನ್ನ ಒಂದು ಮಾಡಿ ಬರೆದೆ’ ಅಂತ ಅವಳೇ ಮೊದಲು ಹೇಳ್ಬೇಕು, ಬೇರೆಯವ್ರು ಕಂಡುಹಿಡಿದ್ರೆ ಅದೇ ದೊಡ್ಡ ವಿಷಯ ಆಗುತ್ತೆ. ಎರಡು, ವರ್ಶನ್ ಹಿಸ್ಟರಿಯಲ್ಲಿ ‘ಭಾವನೆಗಳು’ ಅನ್ನೋ ಪೂರ್ತಿ ಪ್ಯಾರಾ ಒಂದೇ ಸಲ ಬಂದು ಬಿದ್ದಿದೆ, ಅಂದ್ರೆ ಎಲ್ಲಿಂದಲೋ ಪೇಸ್ಟ್ ಆಗಿದೆ. ಅದು ಬಸ್ಸಲ್ಲಿ ಬರ್ತಾ ಫೋನಲ್ಲಿ ಬರೆದಿದ್ದು ಅಂತಾದ್ರೆ ಆ ಫೋನ್ ನೋಟ್, ಅದರ ಹಿಂದಿನ ಸಮಯದ ಜೊತೆ ತೋರ್ಸ್ಬೇಕು. ತೋರ್ಸೋಕೆ ಆಗ್ದೇ ಇದ್ರೆ ಆ ಪ್ಯಾರಾದ ವಿಷಯದಲ್ಲಿ ದಾಖಲೆ ಇಲ್ಲ ಅಂತ ಒಪ್ಕೊಂಡು ಮಾತಲ್ಲಿ ವಿವರಿಸ್ಬೇಕು, ಬೇರೆ ದಾರಿ ಇಲ್ಲ.

ವರ್ಶನ್ ಹಿಸ್ಟರಿ ಇದ್ರೆ ಕೇಸ್ ಅಲ್ಲಿಗೆ ಮುಗೀತು ಅಲ್ವಾ?

ಹಾಗೇನಿಲ್ಲ. ಎಐ ಕೊಟ್ಟಿದ್ದನ್ನ ನೋಡ್ಕೊಂಡು ಕೈಯಲ್ಲೇ ಟೈಪ್ ಮಾಡ್ಬಹುದು ಅಂತ ಎಲ್ರಿಗೂ ಗೊತ್ತು. ಆದ್ರೆ ನೋಡ್ಕೊಂಡು ಟೈಪ್ ಮಾಡಿದ್ದು ಮೇಲಿಂದ ಕೆಳಗೆ ಸೀದಾ ಹೋಗುತ್ತೆ. ಯೋಚಿಸ್ತಾ ಬರೆಯೋರು ಮಧ್ಯದ ಪ್ಯಾರಾ ಮೊದಲು ಬರೀತಾರೆ, ವಾಪಸ್ ಹೋಗಿ ಒಂದು ಹೆಸರು ಬದಲಾಯಿಸ್ತಾರೆ, ಅರ್ಧ ಪುಟ ಅಳಿಸ್ತಾರೆ, ಅಳಿಸಿದ್ದರಲ್ಲಿ ಒಂದು ಸಾಲನ್ನ ಬೇರೆ ಕಡೆ ತಂದು ಹಾಕ್ತಾರೆ. ನೀವು ತೋರ್ಸ್ಬೇಕಾದ್ದು ಇಂಥಾ ಜಾಗಗಳನ್ನ. ಅದ್ರಲ್ಲೂ ಬರೆದು ಬಿಟ್ಟಿದ್ದನ್ನ ತೋರ್ಸಿ: ಪ್ರಬಂಧಕ್ಕೆ ಸೇರಲ್ಲ ಅಂತ ತೆಗೆದ ನಿಜವಾದ ವಿವರ ಹಳೇ ವರ್ಶನಲ್ಲಿ ಇದ್ರೆ ಅದು ತುಂಬಾ ಬಲವಾದ ಗುರುತು.

ನನ್ನ ಅನುಭವಕ್ಕೆ ಯಾವ ದಾಖಲೆನೂ ಇಲ್ಲ. ಚಿಕ್ಕವಯಸ್ಸಿಂದು, ಫೋಟೋನೂ ಇಲ್ಲ, ಅವತ್ತು ಇದ್ದೋರೂ ಇಲ್ಲ.

ಮೊದಲ್ನೇ ಮಾತು, ನಿಮ್ಮ ಮೇಲಿರೋ ಆರೋಪ ಬರೆದಿದ್ದರ ಬಗ್ಗೆ. ಚಿಕ್ಕವಯಸ್ಸಲ್ಲಿ ನಡೆದಿದ್ದಕ್ಕೆ ರಸೀದಿ ಕೇಳೋದು ನ್ಯಾಯ ಅಲ್ಲ, ಹಾಗೆ ಕೇಳಿದ್ರೆ ‘ಬರೆದ ರೀತಿ ತೋರ್ಸ್ತೀನಿ, ಎದುರಿಗೆ ಕೂತು ಹೇಳ್ತೀನಿ’ ಅಂತ ಸಮಾಧಾನವಾಗಿ ಹೇಳ್ಬಹುದು.

ಇಂಥಾ ಸಂದರ್ಭದಲ್ಲಿ ಘಟನೆಗೆ ಸಾಕ್ಷಿ ಇಲ್ದಿದ್ರೂ ನೆನಪಿಗೆ ಸಾಕ್ಷಿ ಇರ್ಬಹುದು. ಪ್ರಬಂಧದ ವಿಷಯ ಕೊಟ್ಟಾಗ ಅಕ್ಕನಿಗೆ ಫೋನ್ ಮಾಡಿ ‘ಅವತ್ತು ಮಳೆ ಬರ್ತಿತ್ತಾ’ ಅಂತ ಕೇಳಿರ್ಬಹುದು, ಆ ಚಾಟ್ ಇರುತ್ತೆ. ಪ್ರಬಂಧ ಕೊಡೋಕೆ ಮುಂಚಿನ ದಿನಾಂಕದ ಇಂಥಾ ಮಾತುಕತೆ ತುಂಬಾ ಉಪಯೋಗಕ್ಕೆ ಬರುತ್ತೆ. ನೋಟಿಸ್ ಬಂದ್ಮೇಲೆ ಅಕ್ಕ ಬರೆದ್ಕೊಡೋ ‘ಹೌದು ಇದು ನಿಜ’ ಅನ್ನೋ ಪತ್ರಕ್ಕೆ ಅಷ್ಟು ಬೆಲೆ ಇಲ್ಲ, ಮನೆಯವ್ರು ಹಾಗೇ ಹೇಳ್ತಾರೆ ಅಂತ ಯಾರಾದ್ರೂ ಅಂದ್ಕೊಳ್ತಾರೆ. ಫೋಟೋ ಏನಾದ್ರೂ ಇದ್ರೆ ಮೂಲ ಫೈಲನ್ನೇ ಹುಡುಕಿ, ತೆಗೆದ ದಿನಾಂಕ, ಸಮಯ ಅದರೊಳಗೇ ದಾಖಲಾಗಿರುತ್ತೆ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳ್ಸಿದ ಪ್ರತಿಯಲ್ಲಿ ಆ ಮಾಹಿತಿ ಹೋಗಿರುತ್ತೆ.

ಯಾವುದೂ ಸಿಗ್ಲಿಲ್ಲ ಅಂತ ಈಗ ಕೂತು ಹಳೇ ದಿನಾಂಕ ಹಾಕಿ ಡೈರಿ ಬರೆಯೋಕೆ ಮಾತ್ರ ಹೋಗ್ಬೇಡಿ. ನಿಜವಾಗಿರೋ ಅನುಭವನ ಸುಳ್ಳು ಕಾಗದದಿಂದ ಕಾಪಾಡೋಕಾಗಲ್ಲ, ಸಿಕ್ಕಿಬಿದ್ರೆ ಇಲ್ದೇ ಇದ್ದ ತಪ್ಪು ಈಗ ನಿಜವಾಗ್ಲೂ ಆಗಿಹೋಗುತ್ತೆ.

ಎದುರಿಗೆ ಕೂರಿಸ್ಕೊಂಡು ಪ್ರಶ್ನೆ ಕೇಳ್ತಾರಂತೆ. ಹೇಗೆ ತಯಾರಾಗ್ಲಿ?

ಪ್ರಬಂಧನ ಬಾಯಿಪಾಠ ಮಾಡ್ಬೇಡಿ. ಬರೆದಿದ್ದನ್ನೇ ಒಪ್ಪಿಸಿದ್ರೆ ಏನೂ ಸಾಬೀತಾಗಲ್ಲ. ಪ್ರಬಂಧದಲ್ಲಿ ಇಲ್ಲದ್ದು ನಿಮ್ಮ ಹತ್ರ ಏನಿದೆ ಅನ್ನೋದೇ ಅಲ್ಲಿ ಮುಖ್ಯ. ಆ ವಿದ್ಯಾರ್ಥಿನಿಗೆ ‘ಅಜ್ಜ ಮುಖ ತಿರುಗಿಸಿದ್ಮೇಲೆ ನೀವು ಏನ್ ಮಾಡಿದ್ರಿ’ ಅಂತ ಕೇಳಿದ್ರೆ ‘ಚಾರ್ಟಲ್ಲಿ ಏನೋ ಬರೀತಿರೋ ಹಾಗೆ ನಿಂತಿದ್ದೆ ಮೇಡಂ, ಪಕ್ಕದ ಬೆಡ್ಡಿನೋರು ನಗ್ತಿದ್ರು, ಅವರ ಕಡೆ ನೋಡೋಕಾಗ್ಲಿಲ್ಲ’ ಅಂತ ಹೇಳ್ತಾಳೆ. ಇದು ಪ್ರಬಂಧದಲ್ಲಿಲ್ಲ, ಆದ್ರೆ ಪ್ರಬಂಧದಲ್ಲಿರೋದಕ್ಕೆ ಸರಿಯಾಗಿ ಹೊಂದ್ಕೊಳ್ಳುತ್ತೆ.

ಹಾಗಾಗಿ ಹಿಂದಿನ ದಿನ ಒಂದು ಕೆಲ್ಸ ಮಾಡಿ. ಬಣ್ಣ ಬಿದ್ದಿರೋ ಪ್ರತಿ ಪ್ಯಾರಾ ಪಕ್ಕ, ಇದನ್ನ ಬರೆಯೋವಾಗ ನನ್ನ ಮನಸ್ಸಲ್ಲಿ ಯಾವ ಕ್ಷಣ ಇತ್ತು, ಏನು ಬರೀಬೇಕು ಅಂದ್ಕೊಂಡು ಬಿಟ್ಟೆ, ಯಾವ ಪದ ಯಾಕೆ ಹಾಕ್ದೆ ಅಂತ ನಿಮ್ಮ ಮಾತಲ್ಲೇ ಗುರುತು ಹಾಕ್ಕೊಳ್ಳಿ. ‘ಅವಿಭಾಜ್ಯ’ ಅಂತ ಬರ್ದಿದ್ರೆ ಅದರ ಅರ್ಥ ಕೇಳ್ತಾರೆ, ಆ ಪದ ಎಲ್ಲಿಂದ ಬಂತು ಅಂತಾನೂ ಕೇಳ್ಬಹುದು, ಕ್ಲಾಸಿನ ಸ್ಲೈಡಿಂದ ಬಂದಿದ್ರೆ ಹಾಗೇ ಹೇಳಿ.

ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ. ನಿಜವಾದ ನೆನಪಲ್ಲಿ ತೂತುಗಳಿರುತ್ತೆ, ಗೋಡೆ ಬಣ್ಣ ಮರೆತಿರ್ತೀರಿ, ಯಾರೋ ಆಡಿದ ಒಂದು ಮಾತು ಮಾತ್ರ ಹಾಗೇ ಉಳಿದಿರುತ್ತೆ. ಎಲ್ಲದಕ್ಕೂ ಉತ್ತರ ಕೊಡ್ಲೇಬೇಕು ಅಂತ ಅಲ್ಲೇ ಕಟ್ಟಿ ಹೇಳೋಕೆ ಹೋದ್ರೆ ಒಂದಕ್ಕೊಂದು ತಾಳೆ ಆಗಲ್ಲ. ಮಾತಾಡೋಕೆ ಭಯ ಇರೋರು, ತೊದಲು ಇರೋರು, ಎರಡನೇ ಭಾಷೆಯಲ್ಲಿ ತಡವರಿಸೋರು ಮುಂಚೇನೇ ತಿಳ್ಸಿ ಹೆಚ್ಚು ಸಮಯ ಅಥವಾ ಬರಹದಲ್ಲಿ ಉತ್ತರಿಸೋ ಅವಕಾಶ ಕೇಳಿ, ತಡವರಿಸಿದ್ದನ್ನೇ ತಪ್ಪಿತಸ್ಥರ ಲಕ್ಷಣ ಅಂತ ತಿಳ್ಕೊಳೋರಿದ್ದಾರೆ.

ಬರ್ದಿರೋದು ತುಂಬಾ ಖಾಸಗಿ ನೋವಿನ ಬಗ್ಗೆ, ಇನ್ನೊಬ್ರ ವಿಷಯಾನೂ ಇದೆ. ಎಲ್ಲ ಬಿಚ್ಚಿ ತೋರ್ಸ್ಬೇಕಾ?

ಬೇಡ. ರೋಗಿಗಳು, ಮಕ್ಕಳು, ಕೌನ್ಸೆಲಿಂಗ್‌ಗೆ ಬಂದೋರು ಇವರ ಬಗ್ಗೆ ಆಗಿದ್ರೆ ಅವರ ಹೆಸರು, ಫೋಟೋ, ಕೇಸ್ ಪೇಪರ್ ನಿಮ್ಮ ರಕ್ಷಣೆಗೆ ಅಂತ ತರೋ ಹಾಗೇ ಇಲ್ಲ. ಎಐ ಆರೋಪದಿಂದ ಪಾರಾಗೋಕೆ ಹೋಗಿ ಗೌಪ್ಯತೆ ಮುರಿದ್ರೆ ಅದು ನಿಮ್ಮ ವೃತ್ತಿಗೇ ಕುತ್ತು. ನೀವು ಅಲ್ಲಿದ್ರಿ ಅಂತ ಹೇಳೋಕೆ ಡ್ಯೂಟಿ ಪಟ್ಟಿ, ಮೇಲ್ವಿಚಾರಕರ ಒಂದು ಸಾಲಿನ ಮೇಲ್ ಸಾಕು, ಟಿಪ್ಪಣಿಯಲ್ಲಿ ಗುರುತು ಸಿಗೋ ಪದಗಳಿದ್ರೆ ಕಪ್ಪು ಬಳಿದು ತೋರ್ಸಿ.

ನಿಮ್ಮದೇ ನೋವು ಆದ್ರೆ, ಅಮ್ಮ ತೀರ್ಕೊಂಡಿದ್ದು, ಮನೆಯಲ್ಲಿ ಹಿಂಸೆ, ಕಾಯಿಲೆ, ಅಂಥದ್ದಕ್ಕೆ ಸಾವಿನ ಸರ್ಟಿಫಿಕೇಟು ವೈದ್ಯರ ಚೀಟಿ ಎಲ್ಲ ಐದು ಜನರ ಮುಂದೆ ಹರವೋ ಅಗತ್ಯ ಇಲ್ಲ. ನಂಬಿಕೆ ಇರೋ ಒಬ್ರು ಅಧ್ಯಾಪಕರಿಗೆ ತೋರಿಸಿ, ಅವ್ರು ‘ನಾನು ನೋಡಿದ್ದೀನಿ’ ಅಂತ ಸಮಿತಿಗೆ ತಿಳಿಸೋ ಹಾಗೆ ಕೇಳ್ಕೊಳ್ಳಿ. ದಾಖಲೆನ ತೋರ್ಸೋದು ಬೇರೆ, ಪ್ರತಿ ಕೊಟ್ಟು ಬರೋದು ಬೇರೆ. ಮೇಲ್ ಮಾಡಿದ್ದು ಎಷ್ಟು ಜನರ ಕೈಗೆ ಹೋಗುತ್ತೆ ಅನ್ನೋದು ನಿಮ್ಮ ಹಿಡಿತದಲ್ಲಿರಲ್ಲ.

ಗ್ರಾಮರ್ ಸರಿ ಮಾಡೋ ಆ್ಯಪ್ ಬಳಸಿದ್ದೆ. ತಾಯ್ನುಡಿಯಲ್ಲಿ ಬರೆದು ಮಷಿನ್ ಅನುವಾದ ಮಾಡಿದ್ದೆ. ಹೇಳ್ಲಾ ಬೇಡ್ವಾ?

ಹೇಳಿ, ಅವ್ರು ಕೇಳೋಕೆ ಮುಂಚೆ ಹೇಳಿ. ಕಾಗುಣಿತ ತಿದ್ದೋದು ಒಂದು, ‘ಈ ವಾಕ್ಯ ಚೆನ್ನಾಗಿ ಬರಿ’ ಅಂತ ಒತ್ತಿ ಬಂದಿದ್ದನ್ನ ಹಾಕ್ಕೊಳೋದು ಇನ್ನೊಂದು, ಎರಡ್ನೇದರಲ್ಲಿ ಪದಗಳು ನಿಜವಾಗ್ಲೂ ಮಷಿನ್‌ದೇ, ಆ ಭಾಗಕ್ಕೆ ಬಣ್ಣ ಬಿದ್ದಿದ್ರೆ ಡಿಟೆಕ್ಟರ್ ತಪ್ಪಲ್ಲ. ಅದು ತಪ್ಪಾ ಸರಿನಾ ಅನ್ನೋದು ನಿಮ್ಮ ಕೋರ್ಸಿನ ನಿಯಮ ಏನ್ ಹೇಳುತ್ತೆ ಅನ್ನೋದರ ಮೇಲಿದೆ. ಅನುವಾದ ಮಾಡಿದ್ರೆ ತಾಯ್ನುಡಿಯ ಮೂಲ ಪ್ರತಿನೇ ನಿಮ್ಮ ದೊಡ್ಡ ಸಾಕ್ಷಿ, ಅನುಭವ ಯೋಚ್ನೆ ಎರಡೂ ನಿಮ್ದೇ ಅಂತ ಅದು ಹೇಳುತ್ತೆ, ಇಂಗ್ಲಿಷ್ ಪದಗಳು ನಿಮ್ದಲ್ಲ ಅಂತಾನೂ ಹೇಳುತ್ತೆ. ಆ ಎರಡ್ನೇ ಮಾತನ್ನ ಒಪ್ಕೊಂಡ್ರೇನೇ ಮೊದಲ್ನೇ ಮಾತಿಗೆ ಬೆಲೆ ಸಿಗೋದು.

ಬೇರೆ ಡಿಟೆಕ್ಟರಲ್ಲಿ ಹಾಕ್ದೆ, 0% ಬಂತು. ಅದನ್ನ ತೋರ್ಸ್ಲಾ?

ಅದೊಂದರ ಮೇಲೆ ನಿಲ್ಬೇಡಿ. ಡಿಟೆಕ್ಟರ್ ನಂಬೋಕಾಗಲ್ಲ ಅಂತ ವಾದ ಮಾಡ್ತಾ ಇನ್ನೊಂದು ಡಿಟೆಕ್ಟರ್ ನಂಬಿ ಅಂದ್ರೆ ಮಾತು ನಿಲ್ಲಲ್ಲ. ಈ ಉಪಕರಣಗಳ ಮಿತಿ ಹೇಳ್ಬೇಕಾದ್ರೆ ಒಂದು ಖಚಿತ ಉದಾಹರಣೆ ಸಾಕು: ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟು, ನಿಖರತೆ ಕಮ್ಮಿ ಅಂತ ಅದೇ ವರ್ಷ ಜುಲೈಯಲ್ಲಿ ನಿಲ್ಲಿಸ್ತು, ಮನುಷ್ಯರು ಬರೆದಿದ್ದರಲ್ಲಿ 9% ಅನ್ನ ಅದು ಎಐ ಅಂತಿತ್ತು. ಇನ್ನು ಪ್ರಬಂಧನ, ಮನುಷ್ಯರು ಬರೆದ ಥರ ಕಾಣೋ ಹಾಗೆ ವಾಕ್ಯ ಬದಲಾಯಿಸಿ ಕೊಡೋ ‘ಹ್ಯೂಮನೈಸರ್’ ಅನ್ನೋ ಸೈಟ್‌ಗಳಿಗೆ ಹಾಕಿ ಮತ್ತೆ ಸಲ್ಲಿಸೋದಂತೂ ಬೇಡ್ವೇ ಬೇಡ, ಅಲ್ಲಿಗೆ ನೀವು ಬರೆದಿದ್ದು ನಿಜವಾಗ್ಲೂ ಮಷಿನ್‌ದಾಗಿಹೋಗುತ್ತೆ.

ಮುಂದಿನ ಪ್ರಬಂಧಕ್ಕೆ ಈಗಿಂದ ಏನ್ ಮಾಡ್ಲಿ?

ಘಟನೆ ಆದ ದಿನ ಎರಡು ಸಾಲು, ಅಷ್ಟೇ, ಫೋನಲ್ಲಾದ್ರೂ ಚೀಟಿಯಲ್ಲಾದ್ರೂ. ಶುರುವಿಂದ ಕೊನೆವರೆಗೂ ಒಂದೇ ಫೈಲ್. ‘ಕಲಿತಿದ್ದು’ ಅನ್ನೋ ಭಾಗ ಬರೆಯೋವಾಗ, ಆ ವಾಕ್ಯ ಬೇರೆ ವಿದ್ಯಾರ್ಥಿಯ ಬೇರೆ ಅನುಭವಕ್ಕೂ ಹಾಗೇ ಹೊಂದುತ್ತಾ ನೋಡಿ, ಹೊಂದಿದ್ರೆ ಅದರೊಳಗೆ ನಿಮ್ಮ ಘಟನೆಯ ಒಂದು ವಸ್ತುವೋ ಮಾತೋ ವಾಪಸ್ ತನ್ನಿ. ‘ಮುಂದೆ ಸಂವಹನಕ್ಕೆ ಒತ್ತು ಕೊಡುತ್ತೇನೆ’ ಅನ್ನೋ ಬದ್ಲು ‘ಉತ್ತರ ಕೊಡದ ರೋಗಿ ಸಿಕ್ಕರೆ ದನಿ ಏರಿಸೋ ಮುಂಚೆ ಹಿಯರಿಂಗ್ ಏಡ್ ಇದೆಯಾ ಎಂದು ಕೇಳುತ್ತೇನೆ, ಖಾಸಗಿ ಪ್ರಶ್ನೆಗೆ ಪರದೆ ಎಳೆದು ಹತ್ತಿರ ಹೋಗಿ ಕೇಳುತ್ತೇನೆ’ ಅಂತ. ಹೀಗೆ ಬರೆದ್ರೆ ಬಣ್ಣ ಬೀಳೋದೇ ಇಲ್ಲ ಅಂತ ಭರವಸೆ ಕೊಡೋಕಾಗಲ್ಲ, ಆದ್ರೆ ಬಿದ್ದಾಗ ತೋರ್ಸೋಕೆ ನಿಮ್ಮ ಹತ್ರ ಏನಾದ್ರೂ ಇರುತ್ತೆ.

ಎಲ್ಲ ತೋರ್ಸಿದ್ರೂ ನನ್ನ ವಿರುದ್ಧಾನೇ ತೀರ್ಪು ಬಂದ್ರೆ?

ತೀರ್ಪನ್ನ ಕಾರಣಗಳ ಜೊತೆ ಬರಹದಲ್ಲಿ ಕೇಳಿ. ಮೇಲ್ಮನವಿಯಲ್ಲಿ ‘ನಾನು ಪ್ರಾಮಾಣಿಕ’ ಅಂತ ಮತ್ತೆ ಬರೆದ್ರೆ ಹೆಚ್ಚು ಪ್ರಯೋಜನ ಇಲ್ಲ, ಪ್ರಕ್ರಿಯೆಯಲ್ಲಿ ಏನು ಬಿಟ್ಟುಹೋಯ್ತು ಅನ್ನೋದನ್ನ ಹಿಡೀರಿ: ಕೊಟ್ಟ ದಾಖಲೆ ಓದಿದ್ರಾ, ವರ್ಶನ್ ಹಿಸ್ಟರಿ ತೆರೆದು ನೋಡಿದ್ರಾ, ಡಿಟೆಕ್ಟರ್ ಸಂಖ್ಯೆ ಬಿಟ್ಟು ಬೇರೆ ಆಧಾರ ಏನಿದೆ. ವಿದ್ಯಾರ್ಥಿ ಮೇಲೆ ಕ್ರಮ ತಗೊಳೋಕೆ ತನ್ನ ಸ್ಕೋರ್ ಒಂದನ್ನೇ ಆಧಾರ ಮಾಡ್ಕೋಬಾರ್ದು ಅಂತ ಟರ್ನಿಟಿನ್ನೇ ಹೇಳುತ್ತೆ, ಆ ಮಾತು ಅವರದೇ ರಿಪೋರ್ಟಿನ ಜೊತೆ ಬರೋ ಸೂಚನೆಯಲ್ಲಿ ಇರುತ್ತೆ, ಅದನ್ನ ಅಂಡರ್‌ಲೈನ್ ಮಾಡಿ ಲಗತ್ತಿಸಿ. ಮೇಲ್ಮನವಿಗೆ ಕೊಡೋ ದಿನಗಳು ಸಾಮಾನ್ಯವಾಗಿ ಕಮ್ಮಿ ಇರುತ್ತೆ, ಹಾಗಾಗಿ ತೀರ್ಪು ಕೈಗೆ ಬಂದ ದಿನವೇ ಕೊನೇ ದಿನಾಂಕ ನೋಡ್ಕೊಂಡು ವಿದ್ಯಾರ್ಥಿ ಸಂಘದೋರನ್ನೋ ನಿಮ್ಮ ಪರವಾಗಿ ಕೂರೋ ಒಬ್ರು ಅಧ್ಯಾಪಕರನ್ನೋ ಜೊತೆಗೆ ಕರ್ಕೊಳ್ಳಿ.